ಮನೆ ಬೀಜದ ಭತ್ತ: ಎಕರೆಗೆ ಎಷ್ಟು ಕೇಜಿ ಅಗೆ ಹಾಕಬೇಕು?

ಮೇ ತಿಂಗಳು ಮುಗಿಯುತ್ತಾ ಬಂದಂತೆ ತೀರ್ಥಹಳ್ಳಿ, ಹೊಸನಗರದ ಕಡೆ ಬೀಜದ ಭತ್ತದ ಚೀಲ ಅಟ್ಟದಿಂದ ಕೆಳಗಿಳಿಯುತ್ತದೆ. ಮೊಳಕೆ ಹೇಗಿದೆ ಅಂತ ಕೇಳಿದರೆ ಬಹಳ ಜನರ ಉತ್ತರ ಒಂದೇ: "ಇರ್ಲಿ ಬಿಡಿ, ನಾಲ್ಕು ಸೇರು ಜಾಸ್ತಿ ಹಾಕಿದ್ರಾಯ್ತು." ಆ ನಾಲ್ಕು ಸೇರು ಯಾವ ಲೆಕ್ಕದ್ದು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಬೀಜ ಕಡಿಮೆಯಾದರೆ ನಾಟಿಯ ಮಧ್ಯದಲ್ಲಿ ಅಗೆ ಮುಗಿದು, ಆಳುಗಳನ್ನು ನಿಲ್ಲಿಸಿಕೊಂಡು ಸಸಿಗೆ ಓಡಾಡಬೇಕಾಗುತ್ತದೆ. ಜಾಸ್ತಿಯಾದರೆ ಮಡಿಯಲ್ಲಿ ಸಸಿ ಒತ್ತೊತ್ತಾಗಿ ಸಪೂರ ಏಳುತ್ತದೆ, ಬೆಂಕಿ ರೋಗವೂ ಬೇಗ ಹತ್ತುತ್ತದೆ. ಲೆಕ್ಕ ಕಷ್ಟದ್ದಲ್ಲ. ನಾಟಿ ಭತ್ತವನ್ನೇ ಹಿಡಿದು ಮಾಡೋಣ.

ಗದ್ದೆ ಎಷ್ಟು?

ಪಹಣಿಯಲ್ಲಿ 2-10 ಅಂತ ಇದ್ದರೆ ಅದು ಎರಡು ಎಕರೆ ಹತ್ತು ಗುಂಟೆ. ಮೊಬೈಲಿನಲ್ಲಿ 2.10 ಅಂತ ಒತ್ತಬೇಡಿ. ಎಕರೆಗೆ 40 ಗುಂಟೆ, ಹಾಗಾಗಿ ಹತ್ತು ಗುಂಟೆ ಅಂದರೆ ಕಾಲು ಎಕರೆ. ಲೆಕ್ಕಕ್ಕೆ ಹಾಕಬೇಕಾದ್ದು 2.25. ಖರಾಬು ಇದ್ದರೆ ಬಿಡಿ, ನಿಜವಾಗಿ ನಾಟಿ ಮಾಡುವ ಜಾಗ ಮಾತ್ರ ಹಿಡಿಯಿರಿ.

ಬೀಜದ ಪ್ರಮಾಣ

ಸಾಮಾನ್ಯ ತಳಿಯ ನಾಟಿ ಭತ್ತಕ್ಕೆ ಎಕರೆಗೆ 25 ಕೇಜಿ. ಕೂರಿಗೆ ಬಿತ್ತನೆಗೆ, ಹೈಬ್ರಿಡ್‌ಗೆ, ಶ್ರೀ ಪದ್ಧತಿಗೆ ಬೇರೆ ಬೇರೆ ಪ್ರಮಾಣ ಇದೆ, ಈ ಅಂಕಿ ಅಲ್ಲಿಗೆ ಹಾಕಬೇಡಿ. ನಮ್ಮ ಗದ್ದೆಗೆ 2.25 × 25, ಅಂದರೆ 56.25 ಕೇಜಿ ಆಯಿತು.

ಇದು ಒಳ್ಳೆಯ ಬೀಜಕ್ಕೆ ಹೇಳಿದ ಮಾತು. ಭತ್ತದ ಬೀಜಕ್ಕೆ ಪ್ರಮಾಣಪತ್ರ ಸಿಗಬೇಕಾದರೆ ನೂರಕ್ಕೆ ಕನಿಷ್ಠ 80 ಕಾಳು ಮೊಳೆಯಬೇಕು. ರೈತ ಸಂಪರ್ಕ ಕೇಂದ್ರದಿಂದ ತಂದ, ನೀಲಿ ಚೀಟಿ ಇರುವ, ಅವಧಿ ಮುಗಿಯದ ಚೀಲವಾದರೆ 56 ಕೇಜಿಗೇ ನಿಲ್ಲಿಸಿ. ಸಂತೆಯಲ್ಲಿ ಚೀಟಿಯಿಲ್ಲದೆ ಬಿಡಿಯಾಗಿ ಮಾರುವ "ಬೀಜದ ಭತ್ತ" ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಅದು ಯಾವ ತಳಿ, ಯಾವ ವರ್ಷದ್ದು ಅಂತ ಹೇಳುವವರೇ ಇರುವುದಿಲ್ಲ.

ಮನೆ ಬೀಜವಾದರೆ ಮೊಳಕೆ ಪರೀಕ್ಷೆ ಮಾಡಲೇಬೇಕು. ಜನ ಎಡವುವುದು ಇಲ್ಲೇ.

ಮೊಳಕೆ ಪರೀಕ್ಷೆ

ಮಡಿಗೆ ಹಾಕುವ ಮೂರು ವಾರ ಮೊದಲೇ ಶುರು ಮಾಡಿ. ಚೀಲದ ಬಾಯಿಂದ ಒಂದು ಹಿಡಿ ತೆಗೆದರೆ ಸಾಲದು. ನಮ್ಮ ಮಲೆನಾಡಿನ ಮನೆಗಳಲ್ಲಿ ನೆಲಕ್ಕೆ, ಗೋಡೆಗೆ ತಾಗಿದ ಭಾಗ ತೇವ ಎಳೆದುಕೊಂಡು ಮೊದಲು ಸಾಯುತ್ತದೆ. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆಯಿಂದ ತೆಗೆದು ಮೊರದಲ್ಲಿ ಬೆರೆಸಿ. ಬೇರೆ ಬೇರೆ ಜಾಗದಲ್ಲಿಟ್ಟ ಚೀಲಗಳಿಗೆ ಬೇರೆ ಬೇರೆ ಪರೀಕ್ಷೆ ಮಾಡಿ.

ಹೀಗೆ ಬೆರೆಸಿದ್ದರಲ್ಲಿ ಒಂದು ಕೇಜಿ ತೂಗಿ ಉಪ್ಪುನೀರಿಗೆ ಹಾಕಿ. ತಾಜಾ ಕೋಳಿಮೊಟ್ಟೆ ತೇಲಿ, ಮೇಲೆ ನಾಣ್ಯದಷ್ಟು ಕಾಣುವವರೆಗೆ ಉಪ್ಪು ಕರಗಿಸಬೇಕು. ತೇಲಿದ ಜೊಳ್ಳನ್ನು ತೆಗೆದು, ಒಣಗಿಸಿ, ತೂಕ ಬರೆದಿಡಿ. ಮುಳುಗಿದ್ದನ್ನು ಎರಡು ಮೂರು ಸಲ ಒಳ್ಳೆ ನೀರಲ್ಲಿ ತೊಳೆದು ನೆರಳಲ್ಲಿ ಆರಿಸಿ. ಉಪ್ಪು ಉಳಿದರೆ ಮೊಳಕೆ ಸಾಯುತ್ತದೆ.

ಮುಳುಗಿದ ಬೀಜದಲ್ಲಿ ನೂರು ನೂರರ ನಾಲ್ಕು ಗುಂಪು ಎಣಿಸಿ. ಕೈಗೆ ಬಂದದ್ದನ್ನು ಎಣಿಸುತ್ತಾ ಹೋಗಿ. ದಪ್ಪ, ಹೊಳಪು ನೋಡಿ ಆರಿಸಿದರೆ ಪರೀಕ್ಷೆ ಆರಿಸಿದ ಬೀಜದ್ದಾಗುತ್ತದೆ, ಚೀಲದ್ದಾಗುವುದಿಲ್ಲ. ಒಂದೇ ನೂರು ಹಾಕಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು, ಒಂದು ನೂರು ಸುಮ್ನೆ ಅದೃಷ್ಟದಿಂದಲೂ ಚೆನ್ನಾಗಿ ಬಂದುಬಿಡಬಹುದು.

ಗೋಣಿಚೀಲಕ್ಕಿಂತ ಹಳೇ ಬಿಳಿ ಪಂಚೆಯ ತುಂಡೇ ವಾಸಿ. ಗೋಣಿಯ ಎಳೆಗಳಿಗೆ ಬೇರು ಸಿಕ್ಕಿಕೊಂಡು, ಬಿಡಿಸುವಾಗ ಕಿತ್ತುಹೋಗುತ್ತದೆ. ಬಟ್ಟೆಯಲ್ಲಿ ಸೋಪಿನ ಅಂಶ ಉಳಿಯಬಾರದು. ನೆನೆಸಿ, ಹಿಂಡಿ, ಹಾಸಿ. ಹತ್ತು ಸಾಲಿನಲ್ಲಿ ಹತ್ತತ್ತು ಕಾಳು ಒಂದಕ್ಕೊಂದು ತಾಗದಂತೆ ಇಡಿ. ಸಡಿಲವಾಗಿ ಸುತ್ತಿ, ನೆರಳಲ್ಲಿ ನಿಲ್ಲಿಸಿ. ದಿನಾ ನೀರು ಚಿಮುಕಿಸಿದರೆ ಸಾಕು, ನೀರಲ್ಲಿ ಮುಳುಗಿಸಬೇಡಿ. ಬೆಚ್ಚಗಿರಲಿ ಅಂತ ಬಚ್ಚಲೊಲೆಯ ಪಕ್ಕದಲ್ಲೇ ಇಡುವವರಿದ್ದಾರೆ, ಅಲ್ಲಿ ಬೀಜ ಬೆಂದೇ ಹೋಗುತ್ತದೆ.

ಐದನೇ ದಿನ ಒಮ್ಮೆ ಬಿಚ್ಚಿ, ಚೆನ್ನಾಗಿ ಬಂದ ಸಸಿಗಳನ್ನು ಎಣಿಸಿ ತೆಗೆಯಿರಿ. ಹದಿನಾಲ್ಕನೇ ದಿನ ಕೊನೆಯ ಎಣಿಕೆ. ತುದಿಯಲ್ಲಿ ಬಿಳಿ ಚುಕ್ಕೆ ಕಂಡ ಕಾಳನ್ನೆಲ್ಲ ಲೆಕ್ಕಕ್ಕೆ ಸೇರಿಸುವುದು ದೊಡ್ಡ ತಪ್ಪು. ಬೇರೂ ಬಂದಿರಬೇಕು, ಹಸಿರು ಚಿಗುರೂ ಬಂದಿರಬೇಕು. ಬೇರಿಲ್ಲದ್ದು, ಚಿಗುರು ಮುರುಟಿದ್ದು, ಬೂಸ್ಟು ಹಿಡಿದು ಕೊಳೆತದ್ದು ಲೆಕ್ಕಕ್ಕಿಲ್ಲ, ಅವು ಮಡಿಯಲ್ಲೂ ಏಳುವುದಿಲ್ಲ.

ಮೊಳೆಯದೆ ಉಳಿದ ಕಾಳನ್ನು ಉಗುರಿನಲ್ಲಿ ಒತ್ತಿ ನೋಡಿ. ಮೆತ್ತಗೆ ಹಿಸುಕಿಹೋದರೆ ಸತ್ತಿದೆ. ಗಟ್ಟಿಯಾಗಿ, ಶುಭ್ರವಾಗಿದ್ದರೆ ಇನ್ನೂ ನಿದ್ದೆಯಲ್ಲಿರಬಹುದು. ಬೇಸಿಗೆ ಬೆಳೆ ಕೊಯ್ದು ಅದೇ ಬೀಜವನ್ನು ಮಳೆಗಾಲಕ್ಕೆ ಹಾಕುವವರಿಗೆ ಹೀಗಾಗುತ್ತದೆ. ಅಂಥ ಕಾಳು ತುಂಬಾ ಇದ್ದರೆ ಬೀಜ ಎಸೆಯಬೇಡಿ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಿ.

ಲೆಕ್ಕ

ನಾಲ್ಕು ಗುಂಪಿನಲ್ಲಿ 68, 61, 65, 62 ಬಂತು ಅಂತಿಟ್ಟುಕೊಳ್ಳಿ. ಒಟ್ಟು 256, ಸರಾಸರಿ 64. (ಒಂದು ಗುಂಪು ಉಳಿದವಕ್ಕಿಂತ ಇಪ್ಪತ್ತರಷ್ಟು ಆಚೀಚೆ ಇದ್ದರೆ ಎಲ್ಲೋ ತಪ್ಪಾಗಿದೆ, ಮತ್ತೆ ಮಾಡಿ.)

ಬೇಕಾದ ಬೀಜ = ಎಕರೆ × ಎಕರೆಗೆ ಕೇಜಿ × 80 ÷ ನಿಮ್ಮ ಮೊಳಕೆ

56.25 × 80 ÷ 64 = 70.3 ಕೇಜಿ.

ಇಲ್ಲಿ ಎರಡು ತಪ್ಪು ದಾರಿ ಇವೆ. "ಮೊಳಕೆ 16 ಕಡಿಮೆ, ಹಾಗಾದರೆ ನೂರಕ್ಕೆ 16 ಜಾಸ್ತಿ" ಅಂತ ಕೂಡಿಸಿದರೆ 65 ಕೇಜಿ ಬರುತ್ತದೆ, ಐದು ಕೇಜಿ ಕಡಿಮೆ ಬೀಳುತ್ತದೆ. ಕೆಲವರು 80ರ ಬದಲು 100ರಿಂದ ಗುಣಿಸುತ್ತಾರೆ. ಆಗ 88 ಕೇಜಿ ಆಗುತ್ತದೆ, ಹದಿನೇಳು ಕೇಜಿಗೂ ಮೇಲೆ ದಂಡ. 25 ಕೇಜಿ ಅನ್ನುವಾಗಲೇ ನೂರಕ್ಕೆ ಇಪ್ಪತ್ತು ಕಾಳು ಹುಟ್ಟದಿರಬಹುದು ಅಂತ ಬಿಟ್ಟಿದ್ದಾರೆ, ಮತ್ತೊಮ್ಮೆ ಬಿಡಬೇಕಿಲ್ಲ.

ಇನ್ನು ಜೊಳ್ಳು. ಒಂದು ಕೇಜಿಯಲ್ಲಿ 60 ಗ್ರಾಂ ತೇಲಿದ್ದರೆ ಉಳಿದದ್ದು 940 ಗ್ರಾಂ. 70.3 ÷ 0.94, ಅಂದರೆ ಸುಮಾರು 75 ಕೇಜಿ. ಚೀಲದಿಂದ ಒಣಗಿದ್ದಾಗಲೇ ಇಷ್ಟು ತೂಗಿ ಉಪ್ಪುನೀರಿಗೆ ಹಾಕಿ. ನೆನೆದ ಮೇಲೆ ತೂಗಿದರೆ ನೀರಿನ ಭಾರವೂ ಸೇರುತ್ತದೆ.

ಬೀಜ ಜಾಸ್ತಿಯಾಯಿತು ಅಂತ ಮಡಿ ದೊಡ್ಡದು ಮಾಡಬೇಕಿಲ್ಲ. ಏಳುವ ಸಸಿ ಅಷ್ಟೇ ಇರುತ್ತದೆ ಅಲ್ವಾ? 56 ಕೇಜಿ ಒಳ್ಳೆ ಬೀಜಕ್ಕೆ ಬೇಕಾದಷ್ಟೇ ಜಾಗ ಸಾಕು.

ಈ ಲೆಕ್ಕ ಎಲ್ಲಿಯವರೆಗೆ?

ಮೊಳಕೆ 60ಕ್ಕಿಂತ ಕೆಳಗೆ ಬಂದರೆ ಬೀಜ ಹೆಚ್ಚಿಸುವುದು ಬಿಟ್ಟು ಬೇರೆ ಬೀಜ ತನ್ನಿ. ಅಂಥ ಚೀಲದಲ್ಲಿ ಬದುಕಿದ ಕಾಳಿಗೂ ಕಸುವು ಕಡಿಮೆ. ಬಟ್ಟೆಯಲ್ಲಿ ಹೇಗೋ ಮೊಳೆತದ್ದು ಕೆಸರಿನಲ್ಲಿ, ಬಿಡದೆ ಹೊಡೆಯುವ ಮಳೆಯಲ್ಲಿ ನಿಲ್ಲುವುದಿಲ್ಲ. ಮೊಳಕೆ ಹೆಚ್ಚಿಸುತ್ತದೆ ಅಂತ ಮಾರುವ ಪುಡಿ, ಟಾನಿಕ್‌ಗೆ ದುಡ್ಡು ಹಾಕಬೇಡಿ, ಸತ್ತ ಕಾಳನ್ನು ಯಾವುದೂ ಎಬ್ಬಿಸುವುದಿಲ್ಲ.

ಬೀಜೋಪಚಾರದ ಔಷಧಿ ಬೆರೆಸುವುದು ತೂಕ ಗೊತ್ತಾದ ಮೇಲೆ. ಔಷಧಿ ತಾಗಿದ ಭತ್ತ ಉಳಿದರೆ ಅಕ್ಕಿ ಮಾಡಿಸುವಂತಿಲ್ಲ, ಕೋಳಿಗೂ ಹಾಕುವಂತಿಲ್ಲ.