ಮುಖ ಬದಲಿಸುವ ಮಾಡೆಲ್: ಟ್ರೈನಿಂಗ್ ನಿಲ್ಲಿಸುವುದು ಯಾವಾಗ?

ಚಿತ್ರದುರ್ಗದ ಕೋಟೆಯಲ್ಲಿ ನಮ್ಮ ಕಿರುಚಿತ್ರದ ಒಂದು ದೃಶ್ಯ ಬಾಕಿ ಇತ್ತು. ದಾವಣಗೆರೆಯ ನಮ್ಮ ನಾಯಕನಟ ಕಾಲು ಮುರಿದುಕೊಂಡಿದ್ದರಿಂದ, ಬಂಡೆ ನಡುವಿನ ಮೆಟ್ಟಿಲಿಳಿದು ಓಡುವ ದೃಶ್ಯದಲ್ಲಿ ಬೇರೊಬ್ಬ ಹುಡುಗ ನಟಿಸಿದ. ಇಬ್ಬರಿಂದಲೂ ಲಿಖಿತ ಒಪ್ಪಿಗೆ ಪಡೆದು, ನಟನ ಮುಖವನ್ನು ಆ ಹುಡುಗನ ಮೇಲೆ ಕೂರಿಸಲು ಡೀಪ್‌ಫೇಸ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಬಳಸಿದೆವು. ಇಬ್ಬರ ಮುಖಗಳನ್ನೂ ಕಲಿಯುತ್ತಾ ಕಂಪ್ಯೂಟರ್ ಹಗಲೂ ರಾತ್ರಿ ಓಡುತ್ತಿತ್ತು, ಇದೇ ಟ್ರೈನಿಂಗ್. ಎಲ್ಲಿ ನಿಲ್ಲಿಸಬೇಕು ಎಂಬುದೇ ದೊಡ್ಡ ಪ್ರಶ್ನೆಯಾಯಿತು.

ಮೊದಲು ಲಾಸ್ ಎಂಬ ಅಂಕಿ ಏನನ್ನು ಅಳೆಯುತ್ತದೆ ಎಂದು ತಿಳಿಯಬೇಕು. ಈ ಮಾಡೆಲ್‌ನಲ್ಲಿ ಮುಖ ಓದಿಕೊಳ್ಳಲು ಇಬ್ಬರಿಗೂ ಸೇರಿ ಒಂದು ಎನ್‌ಕೋಡರ್ ಇರುತ್ತದೆ, ಮುಖ ಬಿಡಿಸಲು ಒಬ್ಬೊಬ್ಬರಿಗೆ ಒಂದೊಂದು ಡಿಕೋಡರ್. ಟ್ರೈನಿಂಗ್‌ನಲ್ಲಿ ನಟನ ಮುಖದಿಂದ ನಟನ ಮುಖವನ್ನೇ, ಹುಡುಗನ ಮುಖದಿಂದ ಹುಡುಗನದನ್ನೇ ಮತ್ತೆ ಬಿಡಿಸುತ್ತದೆ. ಅಸಲಿಗೂ ಬಿಡಿಸಿದ್ದಕ್ಕೂ ಇರುವ ಅಂತರವೇ ಲಾಸ್. ಹುಡುಗನ ಭಾವದಲ್ಲಿ ನಟನ ಮುಖ ಹೇಗಿರಬೇಕೆಂಬುದಕ್ಕೆ ಅಸಲಿ ಫೋಟೊ ಎಲ್ಲಿಯೂ ಇಲ್ಲ. ಹಾಗಾಗಿ ನಮಗೆ ಬೇಕಾದ ಆ ಮುಖಕ್ಕೆ ಲಾಸ್ ಅಂಕಿಯೇ ಇಲ್ಲ. ಅದನ್ನು ಪ್ರಿವ್ಯೂ ಕಿಟಕಿಯ ಕೊನೆಯ ಕಾಲಂನಲ್ಲಿ ಕಣ್ಣಿನಿಂದಲೇ ಅಳೆಯಬೇಕು.

ಟ್ರೈನಿಂಗ್ ಶುರು ಮಾಡುವಾಗಲೇ ಪ್ರಿವ್ಯೂ ಹಿಸ್ಟರಿ ಉಳಿಸುವ ಆಯ್ಕೆಗೆ ಹೌದೆನ್ನಿ, ತಾನಾಗಿ ಬ್ಯಾಕಪ್ ಆಗುವ ಆಯ್ಕೆಗೆ ಎಷ್ಟು ಗಂಟೆಗೊಮ್ಮೆ ಎಂಬ ಅಂಕಿ ಕೊಡಿ. ಹಿಸ್ಟರಿಗೆ ಸುಲಭದ ಮುಖ ಆರಿಸಬೇಡಿ. ಬಾಯಿ ತೆರೆದದ್ದು, ಪಕ್ಕಕ್ಕೆ ತಿರುಗಿದ್ದು, ಕೆಳಗೆ ನೋಡುತ್ತಿರುವುದು, ಇಂಥವೇ ಇರಲಿ. ಪ್ರತಿ ಸಲ ಅದೇ ಮುಖವನ್ನು ನೋಡಿದರೆ ಮಾತ್ರ ಹೋಲಿಕೆಗೆ ಅರ್ಥವಿದೆ.

ಪರದೆಯ ಮೇಲೆ ಬರುವ ಸಾಲು ಹೀಗಿರುತ್ತದೆ:

```
[14:32:10][#120000][0412ms][0.4103][0.3526]
```

ಎರಡನೆಯದು ಎಷ್ಟನೇ ಸುತ್ತು ಎಂಬುದು. ಕೊನೆಯ ಎರಡು, ನಟನ ಮತ್ತು ಹುಡುಗನ ಲಾಸ್. ಓಡುತ್ತಿರುವಾಗ ಕಾಣುವುದು ಆ ಒಂದು ಸುತ್ತಿನ ಲಾಸ್ ಮಾತ್ರ, ಅದು ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಮಾಡೆಲ್ ಸೇವ್ ಆದಾಗ ಹಿಂದಿನ ಸೇವ್‌ನಿಂದ ಈಚಿನ ಸರಾಸರಿ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ.

ನಮ್ಮಲ್ಲಿ 1,00,000ದಿಂದ 1,20,000 ಸುತ್ತಿನವರೆಗೆ ನಟನ ಸರಾಸರಿ ಲಾಸ್ 0.415ರಿಂದ 0.410ಕ್ಕಷ್ಟೇ ಇಳಿಯಿತು. ಗೆರೆ ಚಪ್ಪಟೆಯಾಯಿತು, ಆದರೆ ಕೊನೆಯ ಕಾಲಂನಲ್ಲಿ ಹಲ್ಲು ಇನ್ನೂ ಒಂದೇ ಬಿಳಿ ಪಟ್ಟಿ. ಇದು ಟ್ರೈನಿಂಗ್ ಮುಗಿದ ಗುರುತಲ್ಲ, ಆ ಹಂತ ಮುಗಿದ ಗುರುತು. ಅಲ್ಲಿಯವರೆಗೆ ರ‍್ಯಾಂಡಮ್ ವಾರ್ಪ್ ಚಾಲೂ ಇತ್ತು. ಅಂದರೆ ಮುಖವನ್ನು ಬೇಕೆಂದೇ ಸೊಟ್ಟ ಮಾಡಿ ಕೊಟ್ಟು, ನೆಟ್ಟಗೆ ಬಿಡಿಸು ಎನ್ನುವುದು. ಅದನ್ನು ಆಫ್ ಮಾಡಿದ ಕೂಡಲೇ ಲಾಸ್ 0.29ಕ್ಕೆ ಬಿತ್ತು. ಇದನ್ನು ಕಂಡು ಹಿಗ್ಗಬೇಡಿ. ಮಾಡೆಲ್ ಜಾಣವಾಗಿಲ್ಲ, ಪ್ರಶ್ನೆ ಸುಲಭವಾಗಿದೆ. ಸೆಟ್ಟಿಂಗ್ ಬದಲಾದ ಮೇಲಿನ ಅಂಕಿಯನ್ನು ಹಿಂದಿನದರ ಜೊತೆ ಹೋಲಿಸಲೇಬಾರದು. ಬೇರೆಯವರ ಮಾಡೆಲ್‌ನ ಅಂಕಿಯ ಜೊತೆಗಂತೂ ಬೇಡವೇ ಬೇಡ.

ವಾರ್ಪನ್ನು ಅವಸರಪಟ್ಟು ಆಫ್ ಮಾಡಿದರೆ ಲಾಸ್ ಚೆಂದವಾಗಿ ಇಳಿಯುತ್ತದೆ, ಆದರೆ ಕೊನೆಯ ಕಾಲಂನಲ್ಲಿ ಭಾವ ತಾಳೆಯಾಗುವುದಿಲ್ಲ. ಹುಡುಗ ಬಾಯಿ ಬಿಟ್ಟಿರುತ್ತಾನೆ, ಬದಲಾದ ಮುಖ ಅರ್ಧ ಮುಚ್ಚಿರುತ್ತದೆ. ಕೊನೆಯ ಕಾಲಂನಲ್ಲಿ ಭಾವ, ದೃಷ್ಟಿಯ ದಿಕ್ಕು ಎರಡೂ ಸರಿಯಾದ ಮೇಲೆಯೇ ಆಫ್ ಮಾಡಿ.

ಆಮೇಲೆ 20,000 ಸುತ್ತಿಗೊಮ್ಮೆ ಉಳಿಸಿದ ಪ್ರಿವ್ಯೂಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ಹಲ್ಲಿನ ಸಂದು, ಕಣ್ಣಿನ ಹೊಳಪಿನ ಚುಕ್ಕೆ, ರೆಪ್ಪೆಯ ಅಂಚು, ಈ ಮೂರನ್ನೇ. 1,80,000ಕ್ಕೆ ಹಲ್ಲು ಬಿಡಿಬಿಡಿಯಾಯಿತು. 2,00,000ಕ್ಕೂ 2,20,000ಕ್ಕೂ ಯಾವುದು ಹೊಸದೆಂದು ಹೇಳಲಾಗಲಿಲ್ಲ. ಲಾಸ್ ಮಾತ್ರ ಕೂದಲೆಳೆಯಷ್ಟು ಇಳಿಯುತ್ತಲೇ ಇತ್ತು. ಹೀಗೆ ಎರಡು ಸಲ ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಬಹುದು. ಒಂದು ವೇಳೆ ಹಳೆಯ ಪ್ರಿವ್ಯೂವೇ ಚೆನ್ನಾಗಿದ್ದರೆ ಆ ಬ್ಯಾಕಪ್‌ಗೆ ಹಿಂದಿರುಗಿ.

ಆದರೂ ನಮಗೊಂದು ಕೊರತೆ ಉಳಿಯಿತು. ಮೆಟ್ಟಿಲು ನೋಡುತ್ತಾ ಇಳಿಯುವ ಮುಖದಲ್ಲಿ ರೆಪ್ಪೆ ಕದಡಿತ್ತು, 1,60,000ರಿಂದಲೂ ಹಾಗೇ ಇತ್ತು. ಉಳಿದದ್ದೆಲ್ಲ ತಿದ್ದಿಕೊಳ್ಳುತ್ತಿರುವಾಗ ಒಂದೇ ಭಂಗಿ ಮಾತ್ರ ಕದಲದೆ ನಿಂತರೆ ತಪ್ಪು ಟ್ರೈನಿಂಗ್‌ನದಲ್ಲ, ಫೋಟೊಗಳದು. ಹುಡುಕಿದೆವು. ನಟ ಕೆಳಗೆ ನೋಡುವ ಮುಖ ಒಂದೂ ಇರಲಿಲ್ಲ. ಮನೆಗೆ ಹೋಗಿ, ಕುರ್ಚಿಯಲ್ಲಿ ಕೂರಿಸಿ ಮೂರು ನಿಮಿಷ ವಿಡಿಯೊ ತೆಗೆದು, ಆ ಮುಖಗಳನ್ನು ಸೇರಿಸಿ, ವಾರ್ಪ್ ಮತ್ತೆ ಆನ್ ಮಾಡಿ 40,000 ಸುತ್ತು ಓಡಿಸಿದೆವು. ಲಾಸ್ ಏರಿತು. ವಾರ್ಪ್ ಮರಳಿ ಬಂದು, ಹೊಸ ಮುಖಗಳೂ ಸೇರಿದಾಗ ಏರಲೇಬೇಕು. ರೆಪ್ಪೆ ಕೂಡಿಕೊಂಡ ಮೇಲೆ ವಾರ್ಪ್ ಆಫ್ ಮಾಡಿ ಇನ್ನು 30,000.

ಪ್ರಿವ್ಯೂ ನಿಂತ ಚಿತ್ರ, ಮಿನುಗಾಟ ಅದರಲ್ಲಿ ಕಾಣದು. ಆದ್ದರಿಂದ ಎಂಟರ್ ಒತ್ತಿ ನಿಲ್ಲಿಸಿದ ಮೇಲೆ ಹತ್ತು ಸೆಕೆಂಡಿನ ತುಣುಕನ್ನಷ್ಟೇ ಮರ್ಜ್ ಮಾಡಿ, ಅಂದರೆ ಬದಲಾದ ಮುಖವನ್ನು ವಿಡಿಯೊದ ಮೇಲೆ ಕೂರಿಸಿ, ಓಡಿಸಿ ನೋಡಿ. ನಮ್ಮ ತುಣುಕಿನಲ್ಲಿ ಹುಡುಗ ಕೊನೆಯ ಮೆಟ್ಟಿಲಲ್ಲಿ ತಲೆಯೆತ್ತಿದಾಗ ಮುಖ ನಡುಗಲಿಲ್ಲ. ಅಂದೇ ಇಡೀ ದೃಶ್ಯವನ್ನು ಮರ್ಜ್‌ಗೆ ಹಾಕಿದೆವು.