ಮೇಷ್ಟ್ರು ಮಾತ್ರೆ ನಿಲ್ಲಿಸಿದ ಕತೆ

ಸ್ಟೆಂಟ್ ಹಾಕಿಸಿಕೊಂಡು 14 ತಿಂಗಳಾಗಿದ್ದ ನಿವೃತ್ತ ಮೇಷ್ಟ್ರೊಬ್ಬರು ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಎಚ್‌ಬಿಎ1ಸಿ ರಿಪೋರ್ಟ್, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ: 6.6. "ಡಾಕ್ಟ್ರೇ, ನಿಮ್ಮ ಕೊಲೆಸ್ಟ್ರಾಲ್ ಮಾತ್ರೆಯಿಂದಲೇ ಶುಗರ್ ಬಂತಂತೆ. ಏಳು ವಾರದಿಂದ ಬಿಟ್ಟಿದ್ದೀನಿ" ಅಂದರು. ಅವರು ತಗೊಳ್ತಿದ್ದದ್ದು ಸ್ಟಾಟಿನ್ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆ, ರೋಸುವಾಸ್ಟಾಟಿನ್ 20 ಮಿಲಿಗ್ರಾಂ.

ಅವರ ಮಾತು ಪೂರ್ತಿ ಸುಳ್ಳಲ್ಲ. ಸ್ಟಾಟಿನ್ ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆ, ಡೋಸ್ ಜಾಸ್ತಿಯಾದಷ್ಟೂ ಜಾಸ್ತಿ. ಆದರೆ ಎಚ್‌ಬಿಎ1ಸಿಯಲ್ಲಿ ಆ ಏರಿಕೆ ಸರಾಸರಿ 0.1ಕ್ಕಿಂತ ಕಡಿಮೆ. 5.4 ಇದ್ದವರಿಗೆ ಇದು ಗೊತ್ತೇ ಆಗಲ್ಲ. ಡಯಾಬಿಟಿಸ್‌ನ ಬೇಲಿಯ ಮೇಲೆ ಕೂತವರನ್ನು ಮಾತ್ರ ಆಚೆಗೆ ತಳ್ಳುತ್ತದೆ.

ಹಾಗಾಗಿ ಅವರ ಹಳೇ ಫೈಲ್ ತೆಗೆಸಿದೆ. ಸ್ಟೆಂಟ್‌ಗೆ ಮುಂಚೆಯೇ 6.3 ಇತ್ತು! ತೂಕ ನೋಡಿದೆ, ನಿವೃತ್ತಿಯಾದ ಮೇಲೆ ನಾಲ್ಕು ಕೆ.ಜಿ. ಏರಿದೆ. ಸಂಜೆ ಮಂಡಕ್ಕಿ, ಮಿರ್ಚಿ ದಿನಾ ಇದೆ. 6.3ರಿಂದ 6.6ಕ್ಕೆ ಏರಿದ 0.3ರಲ್ಲಿ ಮಾತ್ರೆಯ ಪಾಲು ಚಿಕ್ಕದು, ಉಳಿದದ್ದು ಹೊಟ್ಟೆಯದ್ದು.

ಇನ್ನೊಂದು ಕಡೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿದೆ. ಮಾತ್ರೆ ತಗೊಳ್ಳುವಾಗ 58 ಇದ್ದದ್ದು 131ಕ್ಕೆ ಹೋಗಿತ್ತು. ಸ್ಟೆಂಟ್ ಇರುವ ಹೃದಯಕ್ಕೆ ಇಷ್ಟು ಎಲ್‌ಡಿಎಲ್! ಆ ರಿಪೋರ್ಟ್ ನೋಡಿ ನನಗೇ ಭಯವಾಯಿತು.

ಅವರು ಲೆಕ್ಕದ ಮೇಷ್ಟ್ರು, ಲೆಕ್ಕದಲ್ಲೇ ಹೇಳಿದೆ. 2010ರಲ್ಲಿ 13 ಪ್ರಯೋಗಗಳನ್ನು ಸೇರಿಸಿ ನೋಡಿದ್ದರು. 255 ಜನ ನಾಲ್ಕು ವರ್ಷ ಸ್ಟಾಟಿನ್ ತಗೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಡಯಾಬಿಟಿಸ್ ಬರುತ್ತದೆ. ಅಷ್ಟೇ ಜನರಲ್ಲಿ ಹೃದಯಾಘಾತ, ಹೃದ್ರೋಗದ ಸಾವಿನಂಥ ಐದು ಘಟನೆ ತಪ್ಪುತ್ತವೆ. ಈಗಾಗಲೇ ಹೃದ್ರೋಗ ಇರುವವರಿಗೆ ಲಾಭ ಇನ್ನೂ ದೊಡ್ಡದು. ಅದೂ ಅಲ್ಲದೆ, ಬಂದ ಶುಗರನ್ನು ಹಿಡಿದಿಡಬಹುದು. ಸತ್ತ ಹೃದಯದ ಸ್ನಾಯು ವಾಪಸ್ ಬರಲ್ಲ, ಅಲ್ವಾ?

ಅದೇ 20 ಮಿಲಿಗ್ರಾಂ ಮತ್ತೆ ಶುರು ಮಾಡಿದೆ. 6.6 ಅನ್ನು ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಂಡು ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಸೇರಿಸಿದೆ. ಊಟವಾದ ಮೇಲೆ ನಡಿಗೆ, ಮಿರ್ಚಿ ಭಾನುವಾರ ಮಾತ್ರ. ಮೂರು ತಿಂಗಳಿಗೆ 6.3, ಎಲ್‌ಡಿಎಲ್ 61.

ತಪ್ಪು ನನ್ನದೂ ಇತ್ತು. ಮಾತ್ರೆ ಬರೆದ ದಿನವೇ "ಶುಗರ್ ಸ್ವಲ್ಪ ಏರಬಹುದು, ನೀವು ಬಾರ್ಡರ್‌ನಲ್ಲಿದ್ದೀರಿ" ಅಂತ ನಾನೇ ಹೇಳಿದ್ದರೆ, ಬೇರೆಯವರ ಬಾಯಲ್ಲಿ ಕೇಳಿ ಅವರು ಹೆದರುತ್ತಿರಲಿಲ್ಲ. ಈಗ ಸ್ಟಾಟಿನ್ ಬರೆಯುವ ಚೀಟಿಯಲ್ಲೇ ಎಚ್‌ಬಿಎ1ಸಿಯನ್ನೂ ಬರೆಯುತ್ತೇನೆ, ಮೂರು ತಿಂಗಳಿಗೆ ಮತ್ತೊಮ್ಮೆ.

ಎಲ್ಲರಿಗೂ ಇದೇ ತೀರ್ಪು ಅಲ್ಲ. ಅದೇ ವಾರ 41ರ ಒಬ್ಬ ಹೆಣ್ಣುಮಗಳು ಬಂದಿದ್ದರು. ಎಲ್‌ಡಿಎಲ್ 134, ಎಚ್‌ಬಿಎ1ಸಿ 6.1. ಬಿಪಿ ಇಲ್ಲ, ಮನೆಯಲ್ಲಿ ಯಾರಿಗೂ ಹೃದ್ರೋಗವಿಲ್ಲ. ಅವರ ತಕ್ಕಡಿಯಲ್ಲಿ ಹೃದಯದ ಕಡೆ ಭಾರವೇ ಇರಲಿಲ್ಲ. ಮಾತ್ರೆ ಬರೆಯಲಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಅಂದೆ.