ಡೆಂಗಿಯಲ್ಲಿ ಪಪ್ಪಾಯಿ ಎಲೆಯ ರಸ: ಕೊಡುವ ಮೊದಲು ತಿಳಿಯಬೇಕಾದದ್ದು

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ನೀರು ನಿಂತು ಸೊಳ್ಳೆ ಹೆಚ್ಚುತ್ತದೆ. ಮನೆಯಲ್ಲೊಬ್ಬರಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದಿದೆ ಎಂಬ ವರದಿ ಸಿಕ್ಕೊಡನೆ ಹಿತ್ತಲಿನ ಪಪ್ಪಾಯಿ ಎಲೆಯ ನೆನಪಾಗುತ್ತದೆ.

ರಸ ಕೊಡುವುದಾದರೆ ವೈದ್ಯರಿಗೆ ತಿಳಿಸಿಯೇ ಕೊಡಬೇಕು. 2013ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನದಲ್ಲಿ ರೋಗಿಗಳಿಗೆ ಕೊಟ್ಟದ್ದು 50 ಗ್ರಾಂ ತಾಜಾ ಎಲೆಯ ರಸ. ದಿನಕ್ಕೊಮ್ಮೆ, ಬೆಳಗಿನ ತಿಂಡಿಯಾದ ಕಾಲು ಗಂಟೆಯ ಮೇಲೆ, ಮೂರೇ ದಿನ. ಎಲೆಯ ತೊಟ್ಟು ತೆಗೆದು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಜಜ್ಜಿ, ಶುಭ್ರ ಬಟ್ಟೆಯಲ್ಲಿ ಹಿಂಡಿ ಆಗಲೇ ಕುಡಿಸಬೇಕು. ರಸ ವಿಪರೀತ ಕಹಿ. ವಾಂತಿಯಾದರೆ ಅಲ್ಲಿಗೇ ನಿಲ್ಲಿಸುವುದು ಲೇಸು, ಏಕೆಂದರೆ ಡೆಂಗಿಯಲ್ಲಿ ಪದೇ ಪದೇ ವಾಂತಿಯಾಗುವುದೇ ಅಪಾಯದ ಸೂಚನೆ, ಅದು ರಸದಿಂದಲೋ ರೋಗದಿಂದಲೋ ಎಂದು ಆಮೇಲೆ ಹೇಳಲಾಗದು.

ಆ ಅಧ್ಯಯನದಲ್ಲಿ ರಸ ಕುಡಿದವರ ಪ್ಲೇಟ್‌ಲೆಟ್ ಎರಡು ದಿನದೊಳಗೆ ಏರಿದ್ದು ನಿಜ. ಆದರೆ ಯಾರಿಗೆ ರಸ ಸಿಕ್ಕಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸಾವು ಅಥವಾ ರಕ್ತಸ್ರಾವ ಇದರಿಂದ ಕಡಿಮೆಯಾಗುತ್ತದೆ ಎಂಬುದೂ ಈವರೆಗೆ ಸಾಬೀತಾಗಿಲ್ಲ.

ಒಂದು ಉದಾಹರಣೆ ನೋಡೋಣ. ಜ್ವರದ ಮೂರನೆಯ ದಿನ 1.1 ಲಕ್ಷವಿದ್ದ ಪ್ಲೇಟ್‌ಲೆಟ್, ಐದನೆಯ ದಿನ ಜ್ವರ ಇಳಿದಾಗ 42 ಸಾವಿರಕ್ಕೆ ಬರುತ್ತದೆ; ಅಂದು ರಸ ಶುರುಮಾಡುತ್ತಾರೆ; ಏಳನೆಯ ದಿನ 70 ಸಾವಿರವಾಗುತ್ತದೆ. ಮನೆಯವರು ರಸವನ್ನು ಹೊಗಳುತ್ತಾರೆ, ಆದರೆ ಚೇತರಿಕೆಯ ಹಂತದಲ್ಲಿ ಈ ಏರಿಕೆ ತಾನಾಗಿಯೇ ಆಗುವಂಥದ್ದು. ಇದೇ ರೋಗಿಯ ವರದಿಯಲ್ಲಿ ಹಿಮೆಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 39ರಿಂದ 47ಕ್ಕೆ ಏರಿದ್ದನ್ನು ಯಾರೂ ಗಮನಿಸಿರುವುದಿಲ್ಲ. ಐದನೇ ಒಂದರಷ್ಟು ಏರಿದೆ ಎಂದರೆ ರಕ್ತದ ನೀರಿನಂಶ ನಾಳಗಳಿಂದ ಹೊರಗೆ ಸೋರುತ್ತಿದೆ ಎಂದರ್ಥ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನಗಳಲ್ಲೇ ಇದು ಹೆಚ್ಚು, ಇದನ್ನು ಎಲೆಯ ರಸ ತಡೆಯದು. ಹೊಟ್ಟೆಯಲ್ಲಿ ತೀವ್ರ ನೋವು, ವಸಡಿನಲ್ಲಿ ರಕ್ತ, ಮಂಪರು ಅಥವಾ ಚಡಪಡಿಕೆ ಕಂಡರೆ ರಸ ಹಿಂಡುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು.

ಗರ್ಭಿಣಿಗೆ ಮಾತ್ರ ಈ ರಸ ಬೇಡವೇ ಬೇಡ. ಪಪ್ಪಾಯಿಯ ಎಲೆ, ತೊಟ್ಟು, ಕಾಯಿಗಳಲ್ಲೆಲ್ಲ ಬಿಳಿ ಸೊನೆಯಿದೆ. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಸೊನೆ ಇಲಿಗಳ ಗರ್ಭಕೋಶವನ್ನು ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್‌ನಂತೆಯೇ ಸಂಕುಚಿಸಿತು, ಪೂರ್ಣ ಮಾಗಿದ ಹಣ್ಣಿನ ರಸ ಹಾಗೆ ಮಾಡಲಿಲ್ಲ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಅಷ್ಟೇ ಪ್ರಮಾಣದಲ್ಲಿ ಆಗುತ್ತದೆಂದು ಹೇಳಲಾಗದಿದ್ದರೂ, ಲಾಭವೇ ಖಚಿತವಿಲ್ಲದ ರಸಕ್ಕಾಗಿ ಆ ಅಪಾಯಕ್ಕೆ ಕೈಹಾಕುವುದು ಸರಿಯಲ್ಲ. ಸಿಪ್ಪೆಗೆ ಚಾಕು ತಾಗಿಸಿದಾಗ ಹಾಲು ಜಿನುಗಿದರೆ ಆ ಕಾಯಿ ಪಲ್ಯಕ್ಕೂ ಬೇಡ. ಡೆಂಗಿ ಬಂದ ಗರ್ಭಿಣಿಯನ್ನು ಮೊದಲ ದಿನವೇ ವೈದ್ಯರಿಗೆ ತೋರಿಸಿ, ಎಷ್ಟನೇ ತಿಂಗಳೆಂದು ಹೇಳಬೇಕು: ಬಸಿರಿನಲ್ಲಿ ಹಿಮೆಟೊಕ್ರಿಟ್ ಸಹಜವಾಗಿಯೇ ಕಡಿಮೆ ಇರುವುದರಿಂದ, ಅಪಾಯದ ಏರಿಕೆಯೂ ವರದಿಯಲ್ಲಿ ಸಾಮಾನ್ಯ ಅಂಕಿಯಂತೆ ಕಂಡುಬಿಡುತ್ತದೆ.